ಪೆನ್ನಿನ ಲೆಕ್ಕ, ಪೆನ್ಸಿಲ್ ಲೆಕ್ಕ

2024ರ ಫೆಬ್ರವರಿ 29ರಂದು ನನ್ನ ಕೆಲಸ ಹೋಯಿತು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ, ಹಾಗಾಗಿ ಮರೆಯುವುದೂ ಕಷ್ಟ. ಬಳ್ಳಾರಿ ಹೊರಗೆ ಹಲಕುಂದಿ ಕಡೆಯ ಒಂದು ಸ್ಪಾಂಜ್ ಐರನ್ ಘಟಕದಲ್ಲಿ ಆರು ವರ್ಷದಿಂದ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ಆರ್ಡರ್ ಇಲ್ಲ, ಅದಿರು ಕಾಯಿಸುವ ಕುಲುಮೆ, ಅಂದರೆ ಕಿಲ್ನ್, ಆರಿಸುತ್ತಿದ್ದೇವೆ ಅಂದರು. ಕಿಲ್ನ್ ಆರಿದ ಮೇಲೆ ಅದರ ಮುಂದೆ ನಿಂತು ಕಾಯುವವನ ಕೆಲಸವೂ ಆರುತ್ತದೆ. ಮಧ್ಯಾಹ್ನ ಮೂರಕ್ಕೆ ಆಫೀಸಿಗೆ ಕರೆದು ಒಂದು ಕಾಗದ ಕೊಟ್ಟರು. 'ವೈಯಕ್ತಿಕ ಕಾರಣಕ್ಕೆ ರಾಜೀನಾಮೆ ನೀಡುತ್ತಿದ್ದೇನೆ' ಅಂತ ಮೊದಲೇ ಟೈಪ್ ಮಾಡಿಟ್ಟಿದ್ದರು. ನಾಳೆ ಸಹಿ ಮಾಡಿ ತಂದರೆ ಲೆಕ್ಕ ಬೇಗ ಮುಗಿಯುತ್ತೆ ಅಂದರು. ಮಡಚಿ ಜೇಬಿಗೆ ಹಾಕಿಕೊಂಡು ಬಂದೆ.

ಮನೆಯಲ್ಲಿ ಹೇಳಿದ್ದು ರಾತ್ರಿ ಊಟ ಆದ ಮೇಲೆ. ಕೌಲ್ ಬಜಾರಿನಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಗುಟ್ಟು ಮಾತಾಡಬೇಕಂದ್ರೆ ಬೀದಿಗೇ ಹೋಗಬೇಕು. ಹೆಂಡತಿ ರೊಟ್ಟಿ ಬುಟ್ಟಿ ಮುಚ್ಚುತ್ತಿದ್ದವಳು ಹಾಗೇ ನಿಂತಳು. ಅವ್ವ ಏನೂ ಅನ್ನಲಿಲ್ಲ. ಐದನೇ ಕ್ಲಾಸಿನ ಮಗ, 'ಹಂಗಾದ್ರ ನಾಳೆ ನೀನೇ ನನ್ನ ಸ್ಕೂಲಿಗೆ ಬಿಡ್ತೀಯಾ ಅಪ್ಪ?' ಅಂತ ಕೇಳಿದ. ಅವನಿಗೆ ಅದು ಖುಷಿಯ ಸುದ್ದಿ.

ನೋಟ್‌ಬುಕ್ ತಂದವಳು ಮಗಳು. ಎಸ್ಸೆಸ್ಸೆಲ್ಸಿ ಅವಳು. ಮಾರ್ಚ್ 25ಕ್ಕೆ ಪರೀಕ್ಷೆ ಶುರು. ವಿಜ್ಞಾನದ ನೋಟ್‌ಬುಕ್ಕಿನ ಹಿಂಬದಿ ಖಾಲಿ ಹಾಳೆ ತೆಗೆದು, 'ಹೇಳು ಅಪ್ಪ, ಬರಿತೀನಿ' ಅಂತ ಕೂತಳು. ನಾನು ಪ್ಲಾಂಟ್‌ನಲ್ಲಿ ಗಂಟೆಗೊಮ್ಮೆ ಕಿಲ್ನ್‌ನ ಟೆಂಪರೇಚರ್ ಲಾಗ್ ಬುಕ್‌ನಲ್ಲಿ ಬರೆಯುತ್ತಿದ್ದವನು. ಅಲ್ಲಿ ಒಂದು ಮಾತಿದೆ: ಅಂದಾಜಿಗೆ ಬರೆದರೆ ಒಳಗೆ ಗಂಟು ಕಟ್ಟುತ್ತೆ. ಶಾಖ ಜಾಸ್ತಿಯಾದಾಗ ಕಲ್ಲಿದ್ದಲ ಬೂದಿ ಕರಗಿ ಕಿಲ್ನ್‌ನ ಗೋಡೆಗೆ ಅಂಟಿ ಬಳೆಯ ಹಾಗೆ ಬೆಳೆಯುತ್ತದೆ. ಅದಕ್ಕೆ ಅಕ್ರಿಷನ್ ಅಂತಾರೆ. ಹೊರಗಿನಿಂದ ಕಾಣಲ್ಲ, ಮಾಲು ಮುಂದೆ ಹೋಗದೆ ನಿಂತಾಗಲೇ ಗೊತ್ತಾಗೋದು. ಆರು ವರ್ಷ ಅದನ್ನು ಕಾದವನಿಗೆ ಮನೆಯ ಹಾಲಿಗೆ ತಿಂಗಳಿಗೆ ಎಷ್ಟು ಹೋಗುತ್ತೆ ಅಂತ ಗೊತ್ತಿರಲಿಲ್ಲ.

ಮೊದಲು ಹೋಗುವ ಹಣ ಬರೆದೆವು. ಬಾಡಿಗೆ 4,500. ಬೈಕಿನ ಕಂತು 2,350. ಕಿರಾಣಿ 3,800, ರೇಷನ್ ಅಕ್ಕಿ ಬಿಟ್ಟು. ಹಾಲು ದಿನಕ್ಕೊಂದು ಲೀಟರ್, 1,260. ಗ್ಯಾಸ್ ಒಂದೂವರೆ ತಿಂಗಳಿಗೊಂದು ಸಿಲಿಂಡರ್, ತಿಂಗಳಿಗೆ ಹಂಚಿದರೆ 600. ಅವ್ವನ ಗುಳಿಗೆ 850. ಪೆಟ್ರೋಲ್ 1,700. ಫೋನು, ಟಿವಿ ಸೇರಿ 850. ಮಗಳ ಟ್ಯೂಷನ್ 800. ಮಗನ ಸ್ಕೂಲ್ ಆಟೋ 700. ಭಾನುವಾರದ ಮಾಂಸಕ್ಕೆ 1,000. ಚೀಟಿ 2,000.

'ಇನ್ನೊಂದು ಬಿಟ್ರಿ' ಅಂದಳು ಹೆಂಡತಿ.

'ಯಾವುದು?'

ಅವಳು ಮಗಳ ಕೈಯಿಂದ ಪೆನ್ನು ತಗೊಂಡು ತಾನೇ ಬರೆದಳು. 'ಹೊರಗಿನ ಖರ್ಚು: 1,500.' ನನ್ನ ಗುಟ್ಕಾ, ಗೇಟಿನ ಮುಂದಿನ ಚಹಾ, ಮಿರ್ಚಿ. ಮಕ್ಕಳ ಮುಂದೆ ಗುಟ್ಕಾ ಅಂತ ಬರೆಯದೆ 'ಹೊರಗಿನ' ಅಂತ ಬರೆದಳು. ನಾನು ಮಾತಾಡಲಿಲ್ಲ.

ಕೂಡಿದರೆ 21,910. ಬರುವ ಕಡೆ ನನ್ನ ಸಂಬಳ, ಪಿಎಫ್ ಮತ್ತು ಇಎಸ್‌ಐ ಕಳೆದು ಕೈಗೆ 18,786. ಹೆಂಡತಿಯ ಗೃಹಲಕ್ಷ್ಮಿ 2,000. ಅವ್ವನ ಸಂಧ್ಯಾ ಸುರಕ್ಷಾ 1,200. ಒಟ್ಟು 21,986. ಕಳೆದಾಗ ಉಳಿಯೋದು 76 ರೂಪಾಯಿ. ಆರು ವರ್ಷ ನೈಟ್ ಶಿಫ್ಟ್ ಮಾಡಿದವನ ಉಳಿತಾಯ ಅದು. ಬ್ಯಾಂಕಿನಲ್ಲಿ 1,140 ಇತ್ತು.

ಆಮೇಲೆ ಕತ್ತರಿ ಹಿಡಿದೆವು. ಎಲ್ಲರೂ ಮಾಡುವ ಹಾಗೆ ಚಿಕ್ಕದರಿಂದಲೇ ಶುರು ಮಾಡಿದೆವು. ಹಾಲು ಅರ್ಧ ಲೀಟರ್‌ಗೆ ಇಳಿಸಿದರೆ 630. ಮಾಂಸ ನಿಲ್ಲಿಸಿದರೆ 1,000. ಟಿವಿ ನಿಲ್ಲಿಸಿದರೆ 300. ಟಿವಿ ವಿಷಯಕ್ಕೆ ಮಗ ಅತ್ತ. ಹಾಲಿನ ವಿಷಯಕ್ಕೆ ಅವ್ವ, 'ನನಗ ಕರಿ ಚಹಾ ಸಾಕು' ಅಂದಳು, ಮಗಳು 'ನನಗೂ ಬ್ಯಾಡ' ಅಂದಳು. ಯಾರು ಜಾಸ್ತಿ ತ್ಯಾಗ ಮಾಡ್ತಾರೆ ಅಂತ ಪೈಪೋಟಿ ನಡೆದ ಹಾಗಿತ್ತು. ಮಗಳು ಟ್ಯೂಷನ್ ಬಿಡ್ತೀನಿ ಅಂದಾಗ ಹೆಂಡತಿ ಗದರಿದಳು. ಪರೀಕ್ಷೆಗೆ ಉಳಿದಿದ್ದು ಒಂದು ತಿಂಗಳೂ ಇಲ್ಲ. ಹೀಗೆ ಒಂದು ಗಂಟೆ ಕಳೆದು ಕೂಡಿ ನೋಡಿದರೆ ಉಳಿದಿದ್ದು 1,930. ಹೋಗಿದ್ದು 18,786. ಮಗಳು ಆ ಎರಡು ಅಂಕಿ ಪಕ್ಕಪಕ್ಕ ಬರೆದು ನನ್ನ ಮುಖ ನೋಡಿದಳು.

ಆಗ ನಾನು ಧೈರ್ಯ ಹೇಳೋಕೆ ಹೋಗಿ, 'ನಿಮ್ಮಮ್ಮನ ದಾರದ ದುಡ್ಡು ಇದೆಯಲ್ಲ' ಅಂದೆ. ನಮ್ಮ ಓಣಿಯ ಸುಮಾರು ಹೆಂಗಸರ ಹಾಗೆ ಅವಳೂ ಜೀನ್ಸ್ ಯೂನಿಟ್‌ನಿಂದ ಹೊಲಿದ ಪ್ಯಾಂಟಿನ ಗಂಟು ತಂದು ಮನೆಯಲ್ಲೇ ಹೆಚ್ಚುವರಿ ದಾರ ಕತ್ತರಿಸುತ್ತಾಳೆ. ತಿಂಗಳಿಗೆ 2,500ದ ಹತ್ತಿರ ಬರುತ್ತದೆ. ಅದನ್ನು ಅವಳು ಕೂಡಿಡುತ್ತಿದ್ದಾಳೆ ಅಂತ ನಾನು ನಂಬಿದ್ದೆ. ಕೇಳಿರಲಿಲ್ಲ, ಸುಮ್ನೆ ನಂಬಿದ್ದೆ.

ಅವಳು ಸ್ವಲ್ಪ ಹೊತ್ತು ಸೆರಗು ತಿರುವುತ್ತಾ ಕೂತು, 'ಅದು ಸಂಘದ ಕಂತಿಗೆ ಹೋಗ್ತದ್ರೀ' ಅಂದಳು.

ಹೋದ ವರ್ಷ ಸಿರುಗುಪ್ಪ ಕಡೆಯ ಅವಳ ತವರಿನಲ್ಲಿ ಬೋರಿನ ಮೋಟರ್ ಸುಟ್ಟಿತ್ತು. ಬತ್ತ ಒಣಗುತ್ತಿತ್ತು. ಸಂಘದಲ್ಲಿ ಸಾಲ ಎತ್ತಿ ಅಪ್ಪನಿಗೆ ಕೊಟ್ಟಿದ್ದಳು. ತಿಂಗಳಿಗೆ 2,600 ಕಂತು. ಇನ್ನೂ 14 ಉಳಿದಿವೆ. ದುಡಿದಿದ್ದಕ್ಕೂ ಕಂತಿಗೂ 100 ರೂಪಾಯಿ ಕಡಿಮೆ ಬೀಳುತ್ತೆ, ಅದನ್ನು ಕಿರಾಣಿಯಲ್ಲಿ ಸರಿದೂಗಿಸುತ್ತಿದ್ದಳು. ನನಗೆ ಸಿಟ್ಟು ಬಂತು. ಬಂದ ಸಿಟ್ಟು 'ಹೊರಗಿನ ಖರ್ಚು 1,500' ಅನ್ನುವ ಸಾಲಿನ ಮೇಲೆ ಕಣ್ಣು ಬಿದ್ದಾಗ ಅಲ್ಲೇ ನಿಂತಿತು. ಮಗಳು ಏನೂ ಕೇಳದೆ ಪಟ್ಟಿಯಲ್ಲಿ 100 ಸೇರಿಸಿದಳು.

ಅದೇ ಹೊತ್ತಿಗೆ ಅವ್ವ ಮೂಲೆಯಿಂದ ಮಾತಾಡಿದಳು. 'ನನ್ನ ಗುಳಿಗಿ 850 ಬ್ಯಾಡ, ಅರ್ಧ ಬರಿ ಸಾಕು. ನಾ ಹೆಂಗೂ ಅರ್ಧನ ತಗೊಳ್ಳೋದು.'

ಡಿಸೆಂಬರ್‌ನಲ್ಲಿ ನನ್ನ ಸಂಬಳ ಹದಿನೈದು ದಿನ ತಡವಾಗಿತ್ತು. ಆವಾಗಿನಿಂದ ಅವ್ವ ಬಿಪಿ ಗುಳಿಗೆಯನ್ನೂ ಸಕ್ಕರೆ ಗುಳಿಗೆಯನ್ನೂ ಮುರಿದು ಅರ್ಧರ್ಧ ನುಂಗುತ್ತಿದ್ದಳಂತೆ. ಉಳಿಸಿದ ಪಟ್ಟಿಗಳನ್ನು ಟ್ರಂಕಿನಲ್ಲಿ ಜೋಡಿಸಿಟ್ಟಿದ್ದಳು, ಮುಂದಿನ ಕಷ್ಟಕ್ಕೆ ಅಂತ. ಸಕ್ಕರೆ ಗುಳಿಗೆಯ ಪಟ್ಟಿಯ ಮೇಲೆ ಎಸ್‌ಆರ್ ಅಂತ ಇರುತ್ತೆ. ಅದು ಹೊಟ್ಟೆಯಲ್ಲಿ ನಿಧಾನಕ್ಕೆ ಬಿಡುಗಡೆಯಾಗಲಿ ಅಂತ ಮಾಡಿದ ಗುಳಿಗೆ. ಮುರಿದರೆ ಔಷಧ ಒಮ್ಮೆಲೇ ಬಿಡುಗಡೆಯಾಗಿ ಬೇಗ ಮುಗಿಯುತ್ತೆ. ಅಂದರೆ ಅರ್ಧ ಗುಳಿಗೆಯ ಗುಣವೂ ಸರಿಯಾಗಿ ಸಿಗಲ್ಲ. ಇದನ್ನು ನನಗೆ ಎರಡು ದಿನ ಆದ ಮೇಲೆ ಇಎಸ್‌ಐ ಡಿಸ್ಪೆನ್ಸರಿಯ ಡಾಕ್ಟರ್ ಹೇಳಿದರು. ಅವತ್ತು ಅವ್ವನ ಬಿಪಿ 170 ದಾಟಿತ್ತು. ಮೂರು ತಿಂಗಳು ಒಂದೇ ಮನೆಯಲ್ಲಿದ್ದು ನಮಗ್ಯಾರಿಗೂ ಗೊತ್ತಾಗಿರಲಿಲ್ಲ.

ಹತ್ತೂವರೆಗೆ ತಮ್ಮನ ಗೆಳೆಯ ಫೋನ್ ಮಾಡಿದ. ಹೋದ ವರ್ಷ ಅವನೂ ಜೀನ್ಸ್ ಯೂನಿಟ್‌ನಲ್ಲಿ ಕೆಲಸ ಕಳಕೊಂಡಿದ್ದ. ಆ ಫೋನ್ ಬರದಿದ್ದರೆ ಬೆಳಗ್ಗೆ ನಾನು ಆ ಕಾಗದಕ್ಕೆ ಸಹಿ ಮಾಡುತ್ತಿದ್ದೆ.

'ಅಣ್ಣಾ, ರಾಜೀನಾಮೆ ಅಂತ ಎಲ್ಲೂ ಸಹಿ ಮಾಡಬ್ಯಾಡ' ಅಂದ. 'ತೆಗೆದೀವಿ ಅಂತ ಅವ್ರೇ ಬರೆದು ಕೊಡ್ಲಿ. ಇಎಸ್‌ಐದಾಗ ಕೆಲಸ ಹೋದವ್ರಿಗೆ ದುಡ್ಡು ಬರ್ತದ.'

ನಾನು ನಂಬಲಿಲ್ಲ. ಇಎಸ್‌ಐ ಅಂದರೆ ಗುಳಿಗೆ, ಆಸ್ಪತ್ರೆ ಅಷ್ಟೇ ಅಂತ ತಿಳಿದಿದ್ದೆ. ಅವನು ಬಿಡಿಸಿ ಹೇಳಿದ. ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಅಂತ ಇದೆ. ಇಎಸ್‌ಐ ಕಟ್ಟುತ್ತಿದ್ದವರ ಕೆಲಸ ತಮ್ಮ ತಪ್ಪಿಲ್ಲದೆ ಹೋದರೆ ದಿನದ ಸರಾಸರಿ ಕೂಲಿಯ ಅರ್ಧದಷ್ಟು 90 ದಿನದವರೆಗೆ ಕೊಡುತ್ತಾರೆ. ಜೀವಮಾನದಲ್ಲಿ ಅಷ್ಟು ದಿನಕ್ಕೆ ಮಾತ್ರ. ಕೆಲಸ ಹೋಗಿ 30 ದಿನ ಆದ ಮೇಲೆ ಕೇಳಬಹುದು. ನನ್ನ ಒಟ್ಟು ಸಂಬಳ ಕಡಿತಕ್ಕೆ ಮುಂಚೆ 20,500. ಇಎಸ್‌ಐಗೆ ಮಿತಿ 21,000, ಹಾಗಾಗಿ ನಾನು ಒಳಗೇ ಇದ್ದೆ. ಅರ್ಧ ಅಂದರೆ ತಿಂಗಳಿಗೆ ಸುಮಾರು 10,000. ಆದರೆ ಶಿಸ್ತು ಕ್ರಮದಲ್ಲಿ ತೆಗೆದವರಿಗೆ ಸಿಗಲ್ಲ, ತಾವಾಗಿ ಬಿಟ್ಟೆ ಅಂತ ಕಾಗದದಲ್ಲಿದ್ದರೆ ಕೇಳೋದು ಕಷ್ಟ. ಜೇಬಿನ ಕಾಗದ ತೆಗೆದು ಚಹಾ ಲೋಟದ ಕೆಳಗಿಟ್ಟೆ. ಇಡೀ ರಾತ್ರಿ ಅದು ಅಲ್ಲೇ ಇತ್ತು. ಮೇಲೆ ಗುಂಡನೆಯ ಕಲೆ ಬಿತ್ತು.

ಅವನು ಇನ್ನೊಂದು ಮಾತು ಹೇಳಿದ. ಕೆಲಸ ಹೋದ ದಿನವೇ ಇಎಸ್‌ಐ ಕಾರ್ಡ್ ಸಾಯಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಕಟ್ಟಿದ್ದಕ್ಕೆ ಮುಂದಿನ ಜನವರಿಯಿಂದ ಜೂನ್ ತನಕ ಚಿಕಿತ್ಸೆ. ಅಕ್ಟೋಬರ್‌ನಿಂದ ಮಾರ್ಚ್ ತನಕ ಕಟ್ಟಿದ್ದಕ್ಕೆ ಜುಲೈಯಿಂದ ಡಿಸೆಂಬರ್ ತನಕ. ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಇದ್ದರೆ ಸಾಕು. ನಾನು ಫೆಬ್ರವರಿ ತನಕ ಐದು ತಿಂಗಳು ಕಟ್ಟಿದ್ದೆ. ಅಂದರೆ 2024ರ ಡಿಸೆಂಬರ್ ತನಕ ಡಿಸ್ಪೆನ್ಸರಿಯಲ್ಲಿ ಅವ್ವನ ಗುಳಿಗೆ ಸಿಗುತ್ತೆ. ಅವಳ ಹೆಸರು ನನ್ನ ಕಾರ್ಡಿನಲ್ಲಿ ಇತ್ತು. ಆರು ವರ್ಷ ಸಂಬಳದಲ್ಲಿ ದುಡ್ಡು ಮುರಿಸಿಕೊಂಡು, ಡಿಸ್ಪೆನ್ಸರಿಯಲ್ಲಿ ಸಾಲು ಉದ್ದ ಅಂತ ಮೆಡಿಕಲ್ ಶಾಪ್‌ನಲ್ಲಿ 850 ಕೊಡುತ್ತಿದ್ದೆವು. ಸಾಲಿನಲ್ಲಿ ನಿಲ್ಲೋಕೆ ಈಗ ನನಗೆ ಬೇಕಾದಷ್ಟು ಟೈಮ್ ಇತ್ತು.

ಪಟ್ಟಿಯನ್ನು ಮತ್ತೆ ಮೇಲಿನಿಂದ ನೋಡಿದೆವು. ಈ ಸಲ ಕೇಳಿಕೊಂಡ ಪ್ರಶ್ನೆ ಬೇರೆ: ಕೆಲಸ ಹೋಗಿದ್ದರಿಂದಲೇ ತಾನಾಗಿ ಬೀಳುವ ಖರ್ಚು ಯಾವುದು? ಪೆಟ್ರೋಲ್ 1,700ರಿಂದ 400ಕ್ಕೆ. ಮಗನ ಆಟೋ 700 ಪೂರ್ತಿ, ನಾನೇ ಬಿಡ್ತೀನಿ. ಗುಳಿಗೆ 850 ಪೂರ್ತಿ. 'ಹೊರಗಿನ ಖರ್ಚು' 300 ಇರಲಿ ಅಂತ ನಾನೇ ಹೇಳಿದೆ. ಗುಟ್ಕಾ ಒಂದೇ ದಿನಕ್ಕೆ ಬಿಡ್ತೀನಿ ಅಂತ ಬರೆಸಿದರೆ ಆ ನೋಟ್‌ಬುಕ್‌ನಲ್ಲಿ ಮೊದಲ ಸುಳ್ಳು ಅದೇ ಆಗುತ್ತಿತ್ತು. ಹತ್ತು ನಿಮಿಷದಲ್ಲಿ 4,050 ಇಳಿಯಿತು. ಯಾರೂ ಅಳಲಿಲ್ಲ. ಎರಡೂ ಸೇರಿ ತಿಂಗಳ ಖರ್ಚು 16,030ಕ್ಕೆ ಬಂದು ನಿಂತಿತು. ಅದಕ್ಕಿಂತ ಕೆಳಗೆ ಹೋಗಲಿಲ್ಲ. ಉಳಿದಿದ್ದು ಬಾಡಿಗೆ, ಕಂತು, ಚೀಟಿ, ಹೊಟ್ಟೆ.

ಕರೆಂಟಿಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿತ್ತು, ಅದಕ್ಕೇ ಪಟ್ಟಿಗೆ ಹಾಕಿರಲಿಲ್ಲ. ಹೆಂಡತಿ ತಡೆದಳು. 'ಮಾರ್ಚ್ ಬಂತು, ಕೂಲರ್ ಹಚ್ಚೋದಿಲ್ಲೇನು?' ನಮ್ಮ ಮನೆಗೆ ಹಳೆಯ ಸರಾಸರಿಯ ಮೇಲೆ 10 ಶೇಕಡಾ ಸೇರಿಸಿ 123 ಯೂನಿಟ್ ಉಚಿತ. ಅದರ ಮೇಲೆ ಬಳಸಿದಷ್ಟಕ್ಕೆ ದುಡ್ಡು. ಆದರೆ 200 ದಾಟಿತೋ, ಇಡೀ ಬಿಲ್ ನಮ್ಮದೇ. ಕೂಲರ್ ರಾತ್ರಿ ಎಂಟು ಗಂಟೆ ಓಡಿದರೆ ದಿನಕ್ಕೆ ಸುಮಾರು ಒಂದೂವರೆ ಯೂನಿಟ್. ಬಳ್ಳಾರಿಯ ಏಪ್ರಿಲ್‌ನಲ್ಲಿ ಕೂಲರ್ ಇಲ್ಲದೆ ಮಲಗಿ ಅಂತ ಪರೀಕ್ಷೆ ಬರೆಯುವ ಹುಡುಗಿಗೆ ಹೇಳೋಕಾಗಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಮಲಗೋದು, ಒಂದು ಗಂಟೆಗೆ ಎದ್ದವರು ಆರಿಸೋದು, ಮೀಟರ್ ಅಂಕಿಯನ್ನು ವಾರಕ್ಕೊಮ್ಮೆ ಮಗ ಬರೆಯೋದು ಅಂತಾಯಿತು. ಟಿವಿ ಹೋದ ದುಃಖಕ್ಕೆ ಅವನಿಗೆ ಕೊಟ್ಟ ಹುದ್ದೆ ಅದು.

ಇಷ್ಟಾದ ಮೇಲೆ ನನಗೆ ನಿರಾಳ ಅನ್ನಿಸಿತು. ಇಎಸ್‌ಐ 10,000 ಬರುತ್ತೆ. ಪಿಎಫ್ ಇದೆ, ಪಾಸ್‌ಬುಕ್‌ನಲ್ಲಿ 1,28,000 ತೋರಿಸುತ್ತಿತ್ತು. ಗ್ರಾಚ್ಯುಟಿ ಇದೆ. ಐದು ವರ್ಷ ದಾಟಿದವರಿಗೆ ಅದು ಹಕ್ಕು. ಕೊನೆಯ ಮೂಲ ವೇತನ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ನನ್ನದು 13,000. ದಿನಕ್ಕೆ 500, ಹದಿನೈದು ದಿನಕ್ಕೆ 7,500, ಆರು ವರ್ಷಕ್ಕೆ 45,000. ಮಗಳು ಈ ಲೆಕ್ಕ ಮಾಡುವಾಗ ಮನೆಯಲ್ಲಿ ಮೊದಲ ಸಲ ನಗು ಕಾಣಿಸಿತು. ನಾವು ಬಡವರೇ ಅಲ್ಲವೇನೋ ಅನ್ನುವಷ್ಟು ದೊಡ್ಡ ಅಂಕಿಗಳು ಹಾಳೆಯ ಮೇಲೆ ಕೂತಿದ್ದವು.

ಹೆಂಡತಿ ಒಂದೇ ಮಾತು ಕೇಳಿದಳು. 'ಯಾವ ತಾರೀಖಿಗೆ?'

ಅಲ್ಲಿ ಲೆಕ್ಕ ತಲೆಕೆಳಗಾಯಿತು. ಆಗಿನ ನಿಯಮದಲ್ಲಿ ಪಿಎಫ್‌ನ ಮುಕ್ಕಾಲು ಭಾಗ ತೆಗೆಯೋಕೆ ಕೆಲಸ ಬಿಟ್ಟು ಒಂದು ತಿಂಗಳು ಆಗಬೇಕು. ಉಳಿದ ಕಾಲು ಭಾಗಕ್ಕೆ ಎರಡು ತಿಂಗಳು, ಅದೂ ಕೆಲಸ ಬಿಟ್ಟ ದಿನಾಂಕ ಪೋರ್ಟಲ್‌ನಲ್ಲಿ ಏರಿದ ಮೇಲೆ. ಇಎಸ್‌ಐಗೂ ಒಂದು ತಿಂಗಳು. ಗ್ರಾಚ್ಯುಟಿ 30 ದಿನದಲ್ಲಿ ಕೊಡಬೇಕು ಅಂತ ಕಾನೂನಿದೆ, ಆದರೆ ಮೊದಲೇ ಟೈಪ್ ಮಾಡಿದ ರಾಜೀನಾಮೆ ಕೊಟ್ಟವರು ಕಾನೂನಿನ ತಾರೀಖು ನೋಡ್ತಾರಾ? ಗೃಹಲಕ್ಷ್ಮಿ ಬರೋ ದಿನ ನಮ್ಮ ಕೈಯಲ್ಲಿಲ್ಲ. ಅಂದರೆ ಏಪ್ರಿಲ್ ಮಧ್ಯದ ತನಕ ಗ್ಯಾರಂಟಿಯಾಗಿ ಕೈಗೆ ಬರೋದು ಅವ್ವನ 1,200. ಫೆಬ್ರವರಿ ಸಂಬಳ ಮಾರ್ಚ್ 7ಕ್ಕೆ ಹಾಕ್ತೀವಿ ಅಂದಿದ್ದರು, ಅದೂ ಬಾಯಿ ಮಾತು.

ಆಗ ಮಗಳು ಪೆನ್ನು ಇಟ್ಟು ಪೆನ್ಸಿಲ್ ತಗೊಂಡಳು. ಕೈಗೆ ಬಂದ ದುಡ್ಡು ಪೆನ್ನಿನಲ್ಲಿ, ಬರಬೇಕಾದ ದುಡ್ಡು ಪೆನ್ಸಿಲ್‌ನಲ್ಲಿ. ಹೊಸ ಹಾಳೆಗೆ ತಿಂಗಳ ಬದಲು ತಾರೀಖು ಬರೆದಳು. ಪೆನ್ನಿನ ಕಡೆ 1,140 ಬಿಟ್ಟರೆ ಏನೂ ಇರಲಿಲ್ಲ. 45,000, 1,28,000, 10,000 ಎಲ್ಲ ಪೆನ್ಸಿಲ್‌ಗೆ ಹೋದವು. ಹೋಗುವ ದುಡ್ಡು ಮಾತ್ರ ಎಲ್ಲವೂ ಪೆನ್ನಿನಲ್ಲೇ ಉಳಿಯಿತು. ಬಾಡಿಗೆಗೆ ಪೆನ್ಸಿಲ್ ಇಲ್ಲ.

ತಾರೀಖು ಹಾಕಿ ನೋಡಿದಾಗ ತಿಂಗಳ ಪಟ್ಟಿಯಲ್ಲಿ ಕಾಣದಿದ್ದ ಎರಡು ಖರ್ಚು ಎದ್ದು ಬಂದವು. ಮಾರ್ಚ್ 15ರೊಳಗೆ ಮಗನ ಫೀಸಿನ ಕೊನೆಯ ಕಂತು 6,000. ಮಾರ್ಚ್ 28ಕ್ಕೆ ಮೂರು ತಿಂಗಳಿಗೊಮ್ಮೆ ಕಟ್ಟುವ ವಿಮೆ 1,840. ವಿಮೆಗೆ 30 ದಿನದ ಗಡುವು ಇರುತ್ತೆ, ಏಪ್ರಿಲ್ 27ರ ತನಕ ಪಾಲಿಸಿ ಬೀಳಲ್ಲ. ಅದನ್ನು ಆಚೆ ತಳ್ಳಿದೆವು. ಬೈಕಿನ ಕಂತನ್ನು ತಳ್ಳೋಕಾಗಲ್ಲ. 5ನೇ ತಾರೀಖು ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಫೈನಾನ್ಸ್‌ನವರೂ ಬ್ಯಾಂಕಿನವರೂ ಇಬ್ಬರೂ ದಂಡ ಹಾಕ್ತಾರೆ. ನಮ್ಮ ಸಂಬಳ 7ಕ್ಕೆ, ಕಂತು 5ಕ್ಕೆ. ಇಷ್ಟು ದಿನ ಹಿಂದಿನ ತಿಂಗಳ ದುಡ್ಡು ಅಷ್ಟಿಷ್ಟು ಉಳಿಸಿ ದಾಟಿಸುತ್ತಿದ್ದೆವು. ಫೀಸಿಗೆ ಏಪ್ರಿಲ್ ತನಕ ಟೈಮ್ ಕೇಳಬಹುದಿತ್ತು. ಆದರೆ ಪರೀಕ್ಷೆ ಹೊತ್ತಲ್ಲಿ ಮಗುವನ್ನು ಎದ್ದು ನಿಲ್ಲಿಸಿ ಫೀಸ್ ಕೇಳ್ತಾರೆ. ಅದು ನಮಗಿಬ್ಬರಿಗೂ ಬೇಡವಾಗಿತ್ತು.

ಬ್ಯಾಂಕಿನ 1,140 ಮುಟ್ಟದೆ ಬಿಟ್ಟರೆ, ಫೆಬ್ರವರಿ ಸಂಬಳ ಬಂದೇ ಬರುತ್ತೆ ಅಂತ ಇಟ್ಟುಕೊಂಡರೂ ಮಾರ್ಚ್‌ಗೆ 2,044 ಕಡಿಮೆ. ಅದು ದೊಡ್ಡದಲ್ಲ. ಏಪ್ರಿಲ್ 1ರಿಂದ 15ರ ನಡುವೆ ಬಾಡಿಗೆ, ಬೈಕು, ಚೀಟಿ ಮೂರೂ ಬೀಳುತ್ತವೆ, 8,850. ಹೊಟ್ಟೆಗೆ 2,500. ಎಲ್ಲ ಸೇರಿ 13,394. ನಮ್ಮ ಗುಂಡಿ ಅಷ್ಟೇ ಅಗಲ ಇತ್ತು. ಸಂಜೆಯಿಂದ ಎದೆಯ ಮೇಲೆ ಕೂತಿದ್ದ ಕಲ್ಲಿಗೆ ಒಂದು ಅಂಕಿ ಸಿಕ್ಕಿತು.

ಅದನ್ನು ತುಂಬೋಕೆ ನನಗೆ ಹೊಳೆದಿದ್ದು ಚೀಟಿ. ಪರಿಚಯದವರು ನಡೆಸುವ 40,000ದ ಚೀಟಿ, 20 ತಿಂಗಳು. 13 ಕಟ್ಟಿದ್ದೆವು, ಇನ್ನೂ ಎತ್ತಿರಲಿಲ್ಲ. 'ಈ ಸಲ ಹರಾಜಿನಾಗ ಕೂಗಿ ಎತ್ತಿಬಿಡೋಣ' ಅಂದೆ. ಹೆಂಡತಿ ಬೆರಳು ಮಡಚಿ ಲೆಕ್ಕ ಹಾಕಿದಳು. ಹೋದ ತಿಂಗಳು ಎತ್ತಿದವರು 6,000 ಬಿಟ್ಟು ಕೂಗಿದ್ದರು. ಕಮಿಷನ್ ಅಂತ 2,000. ಕೈಗೆ 32,000. ಎತ್ತಿದ ಮೇಲೆ ಇನ್ನೂ ಏಳು ತಿಂಗಳು ಕಟ್ಟಲೇಬೇಕು. ಎತ್ತಿದವರು ತಪ್ಪಿದರೆ ಓಣಿಯಲ್ಲಿ ಮುಖ ತೋರಿಸೋಕಾಗಲ್ಲ.

'ಹದಿಮೂರು ಸಾವಿರ ಬೇಕು ಅಂತ ಆರು ಸಾವಿರ ಕಳಕೋಬೇಕಾ?' ಅಂದವಳು ಎದ್ದು ಹೋಗಿ ಕಪಾಟಿನಿಂದ ಬೆಂಡೋಲೆಯ ಡಬ್ಬಿ ತಂದು ನೋಟ್‌ಬುಕ್ ಪಕ್ಕ ಇಟ್ಟಳು. ಬ್ಯಾಂಕಿನಲ್ಲಿ ಇಟ್ಟರೆ ಆ ಐದಾರು ಗ್ರಾಂ ಮೇಲೆ 15,000 ಆರಾಮಾಗಿ ಕೊಡ್ತಾರೆ. ವರ್ಷಕ್ಕೆ 9 ಶೇಕಡಾ ಅಂದುಕೊಂಡರೂ ಎರಡು ತಿಂಗಳಿಗೆ 225 ರೂಪಾಯಿ ಬಡ್ಡಿ. 6,000 ಎಲ್ಲಿ, 225 ಎಲ್ಲಿ. ನಾನಾಗಿದ್ದರೆ ಬಂಗಾರ ಮುಟ್ಟಬಾರದು ಅನ್ನುವ ಬಿಗುಮಾನಕ್ಕೆ ಚೀಟಿಯನ್ನೇ ಎತ್ತುತ್ತಿದ್ದೆ. ಅವಳು ಷರತ್ತು ಒಂದೇ ಹಾಕಿದಳು: ಪಿಎಫ್ ದುಡ್ಡು ಬಂದ ದಿನ ಮೊದಲು ಬಿಡಿಸೋದು ಇದನ್ನೇ, ಆಮೇಲೆ ಬೇರೆ ಮಾತು. ಮಗಳು ಅದನ್ನೂ ಬರೆದಳು. ಪೆನ್ನಿನಲ್ಲಿ.

ಮಲಗುವಾಗ ಒಂದೂಕಾಲು. ಅವ್ವ ಟ್ರಂಕ್ ತೆಗೆದು ಕೂಡಿಟ್ಟ ಗುಳಿಗೆ ಪಟ್ಟಿಗಳನ್ನು ನನ್ನ ಕೈಗೆ ಕೊಟ್ಟು, 'ಇವು ಮುಗಿದ ಮ್ಯಾಲ ಡಿಸ್ಪೆನ್ಸರಿಗೆ ಹೋಗೋಣಂತ' ಅಂದಳು. ಇಲ್ಲ, ಶನಿವಾರವೇ ಹೋಗೋದು ಅಂದೆ.

ಮರುದಿನ ಕಲೆ ಬಿದ್ದ ಕಾಗದವನ್ನು ಸಹಿ ಇಲ್ಲದೆ ವಾಪಸ್ ಕೊಟ್ಟೆ. ಆಫೀಸಿನವರ ಮುಖ ಗಂಟಾಯಿತು. ನಾಲ್ಕು ಸಲ ಓಡಾಡಿದ ಮೇಲೆ 'ಘಟಕ ನಿಲ್ಲಿಸಿದ ಕಾರಣ ಸೇವೆ ಮುಕ್ತಾಯ' ಅಂತ ಒಂದು ಸಾಲಿನ ಪತ್ರ ಸಿಕ್ಕಿತು. ಆ ಮೊದಲ ವಾರದಲ್ಲೇ ಬೆಂಡೋಲೆ ಬ್ಯಾಂಕಿಗೆ ಹೋಯಿತು, 5ನೇ ತಾರೀಖಿನ ಕಂತು ದಾಟಿತು. ಫೆಬ್ರವರಿ ಸಂಬಳ 7ರ ಬದಲು 11ಕ್ಕೆ ಬಂತು. ಮಗಳು ಪೆನ್ಸಿಲ್ ಅಕ್ಷರದ ಮೇಲೆ ಪೆನ್ನು ಎಳೆದಳು. ಪಿಎಫ್ ಮುಕ್ಕಾಲು ಭಾಗಕ್ಕೆ ಏಪ್ರಿಲ್ 2ಕ್ಕೆ ಅರ್ಜಿ ಹಾಕಿದೆ, 16ಕ್ಕೆ 96,000 ಖಾತೆಗೆ ಬಿತ್ತು. ಐದು ವರ್ಷ ದಾಟಿದ್ದರಿಂದ ತೆರಿಗೆ ಮುರಿಯಲಿಲ್ಲ. 18ಕ್ಕೆ ಬೆಂಡೋಲೆ ಮನೆಗೆ ಬಂತು. ಇಎಸ್‌ಐ ದುಡ್ಡು ಮೇ ತಿಂಗಳಲ್ಲಿ ಬಂತು, ನಾವು ಬರೆದದ್ದಕ್ಕಿಂತ ಸ್ವಲ್ಪ ಕಡಿಮೆ. ಸರಾಸರಿ ತೆಗೆಯುವಾಗ ಹಿಂದಿನ ತಿಂಗಳುಗಳ ಹಳೆಯ ಸಂಬಳವೂ ಸೇರುತ್ತೆ, ಅದನ್ನು ನಾವು ಯೋಚಿಸಿರಲಿಲ್ಲ. ಜೂನ್‌ನಿಂದ ಒಂದು ಅಕ್ಕಿ ಗಿರಣಿಯ ವೇಬ್ರಿಡ್ಜ್‌ನಲ್ಲಿ ಕೆಲಸ ಸಿಕ್ಕಿತು, 14,000ಕ್ಕೆ. ಹಾಲು ಮುಕ್ಕಾಲು ಲೀಟರ್ ಆಯಿತು. ಟಿವಿ ಇನ್ನೂ ಹಾಕಿಸಿಲ್ಲ. ಮಗ ಮೀಟರ್ ಓದೋದನ್ನೂ ಬಿಟ್ಟಿಲ್ಲ. ಏಪ್ರಿಲ್‌ನಲ್ಲಿ 171ಕ್ಕೆ ನಿಂತಿತ್ತು.

ಗ್ರಾಚ್ಯುಟಿಗೆ ಕಾರ್ಮಿಕ ಇಲಾಖೆಗೆ ಅರ್ಜಿ ಹಾಕಿದ್ದೇನೆ. ನೋಟ್‌ಬುಕ್‌ನಲ್ಲಿ ಆ 45,000 ಈಗಲೂ ಪೆನ್ಸಿಲ್‌ನಲ್ಲೇ ಇದೆ. ಅಕ್ಷರ ಮಾಸಿದಾಗ ಮಗಳು ಮತ್ತೆ ತಿದ್ದಿ ಬರೆಯುತ್ತಾಳೆ, ಪೆನ್ಸಿಲ್‌ನಲ್ಲೇ.